ಬಲೆಯ ಮೇಲೆ ನಾಲ್ಕು ಮರಿ

ಆ ಬೆಕ್ಕು ಬಲೆಯ ಮೇಲೆ ನಾಲ್ಕು ಮರಿ ಹಾಕಿತ್ತು ಎಂದು ನಾನು ಹಲವರ ಮುಂದೆ ಹೇಳಿದ್ದೇನೆ. ಮೊನ್ನೆ ಕಾರ್ಕಳದಲ್ಲಿ ಗೆಳೆಯನಿಗೆ ಹೇಳುವಾಗ ಐದು ಎಂದು ಬಾಯಿಗೆ ಬಂತು. ಅಂದಿನಿಂದ ನಾಲ್ಕರ ಮೇಲೂ ನನಗೆ ಅನುಮಾನ.

ಮಣಿಪಾಲದಲ್ಲಿ ಪಾಠ ಮಾಡುತ್ತ ಕಡಲತೀರದ ಹೂಡೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿ ಮೀನು ಮಾರುವವರು. ನಾನು ಅಕ್ಕ ಎನ್ನುತ್ತಿದ್ದೆ. ಬಲೆ, ದೋಣಿಗಳ ಉಸ್ತುವಾರಿ ಅವರ ಮೈದುನನದು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ಬಲೆಗಳು ಅಂಗಳದಾಚೆಯ ಶೆಡ್ಡಿನಲ್ಲಿ ಮಡಚಿ ಬಿದ್ದಿರುತ್ತಿದ್ದವು. ಆ ರಾಶಿಯ ಮೇಲೆ ಬೂದು ಬೆಕ್ಕೊಂದು ಮರಿ ಹಾಕಿತು.

"ಬಲೆ ಹೊರಗೆ ತೆಗೀಬೇಕು ಅತ್ತಿಗೆ, ಹರಿದದ್ದು ತುಂಬ ಉಂಟು. ಮರಿಗಳನ್ನು ಒಂದು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟ್ಟಲ್ಲಿ ಬಿಟ್ಟು ಬರ್ತೇನೆ. ಅಲ್ಲಿ ತಿನ್ಲಿಕ್ಕೆ ಎಂತ ಕಮ್ಮಿ?" ಎಂದ ಮೈದುನ.

"ಹಾಲು ಕುಡಿಯುವ ಮರಿಗೆ ಮಾರ್ಕೆಟ್ಟಲ್ಲಿ ಯಾರು ಹಾಲು ಕೊಡ್ತಾರೆ, ನೀನಾ?" ಎಂದರು ಅಕ್ಕ. "ಉಳಿದ ಬಲೆ ಹೊಲಿ. ಆ ರಾಶಿ ಮುಟ್ಟಬೇಡ."

ಅವನು ತಲೆಯಾಡಿಸಿದ. ಅಷ್ಟು ಬೇಗ ಒಪ್ಪಿದ್ದೇ ನನಗೆ ಸರಿಬೀಳಲಿಲ್ಲ.

ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಶೆಡ್ಡಿಗೆ ಹೋಗಿ ಮೊಬೈಲಿನ ಟಾರ್ಚು ಹಾಕಿ ಎಣಿಸತೊಡಗಿದೆ. ತಾಯಿ ಕಿವಿ ಹಿಂದಕ್ಕೆ ಮಡಚಿ ಗುರ್ ಎನ್ನುತ್ತಿತ್ತು. ಮರಿಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದುದರಿಂದ ಯಾವ ಬಾಲ ಯಾವುದರದೆಂದು ತಿಳಿಯುತ್ತಿರಲಿಲ್ಲ. ಮೊದಲ ದಿನ ನಾಲ್ಕು ಎಂದುಕೊಂಡೆ. ಫೋಟೊ ತೆಗೆಯಲಿಲ್ಲ. ಮೂರನೆಯ ವಾರದ ಒಂದು ಬೆಳಿಗ್ಗೆ ಮೂರೇ ಇದ್ದವು.

ಅಂಗಳದಲ್ಲಿ ಮೈದುನ ಖಾಲಿ ಗೋಣಿ ಕೊಡವುತ್ತಿದ್ದ.

"ಇನ್ನೊಂದು ಮರಿ ಎಲ್ಲಿ?" ಎಂದೆ.

"ಎಂತ ಇನ್ನೊಂದು?"

"ನಾಲ್ಕಿತ್ತು."

"ಸರ್, ನನಗೆ ಬೇರೆ ಕೆಲಸ ಇಲ್ವಾ? ಬೆಕ್ಕಿನ ಮರಿ ಕದಿಯುವ ಕಳ್ಳನ ಹಾಗೆ ಕಾಣ್ತೇನಾ ಮಾರಾಯ್ರೆ?" ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಮರುದಿನ ಬಲೆಯ ಮೇಲೆ ಒಂದೂ ಇರಲಿಲ್ಲ. ನಾನು ಕೂಗುತ್ತ ಹೊರಬಂದೆ. ಮೈದುನ ಮೀನು ಸಾಗಿಸುವ ಟೆಂಪೋ ಹತ್ತಿ ಸ್ಟಾರ್ಟ್ ಮಾಡಲು ಕೀಲಿ ತೂರಿಸಿದ್ದ. ಓಡಿಹೋಗುತ್ತಿದ್ದಾನೆ ಎಂದೇ ನಂಬಿದೆ.

"ಸ್ಟಾರ್ಟ್ ಮಾಡ್ಬೇಡಾ!" ಎಂದು ಕಿರುಚಿದವರು ಅಕ್ಕ. ಅವರ ಕೈ ಟೆಂಪೋದ ಅಡಿಯತ್ತ ತೋರಿಸುತ್ತಿತ್ತು. ಬೂದು ಬೆಕ್ಕು ಮರಿಯೊಂದರ ಕತ್ತಿನ ಚರ್ಮ ಕಚ್ಚಿಕೊಂಡು ಹಿಂಚಕ್ರದ ಹಿಂದೆ ನುಸುಳುತ್ತಿತ್ತು.

ಮೈದುನ ಕೀಲಿ ಕಿತ್ತು ಕೆಳಗಿಳಿದು ಕೆಸರಲ್ಲೇ ಮಲಗಿ ನೋಡಿದ. "ಇಲ್ಲುಂಟು. ಮೂರು."

ಅಕ್ಕ ನನ್ನತ್ತ ತಿರುಗಿದರು. "ನೀವು ದಿನಾ ಹೋಗಿ ಮುಖಕ್ಕೆ ಲೈಟ್ ಬಿಟ್ರೆ ಅದು ನಿಲ್ತದಾ ಸರ್? ಹೆದರಿದ ಬೆಕ್ಕು ಜಾಗ ಬದಲಿಸ್ತದೆ. ಅಷ್ಟೂ ಗೊತ್ತಿಲ್ವಾ?"

ಗೊತ್ತಿರಲಿಲ್ಲ.

ಅವರು ಮೀನಿನ ಖಾಲಿ ಕ್ರೇಟಿಗೆ ಹಳೆ ಸೀರೆ ಹಾಸಿ ಚಕ್ರದ ಪಕ್ಕ ಮಳೆ ಬೀಳದ ಹಾಗೆ ಇಟ್ಟರು. ಕಾಯುತ್ತಿದ್ದ ತಾಯಿಯನ್ನು ಅಟ್ಟದೆ, ಒಂದೊಂದೇ ಮರಿಯನ್ನು ಟವೆಲಿನಲ್ಲಿ ಹಿಡಿದು ಕ್ರೇಟಿನೊಳಗೆ ಇಳಿಸಿದರು. ಎಲ್ಲರೂ ದೂರ ಸರಿದೆವು. ಸ್ವಲ್ಪ ಹೊತ್ತಿಗೆ ಬೆಕ್ಕು ಬಂದು ಮೂಸಿ, ಒಳಗೆ ಹತ್ತಿ ಮಲಗಿತು. ಮರುದಿನ ಕ್ರೇಟನ್ನು ಹಾಗೆಯೇ ಸೌದೆ ಕೊಟ್ಟಿಗೆಗೆ ಸರಿಸಿದರು. ಅಲ್ಲಿಯವರೆಗೆ ಮೈದುನ ಟೆಂಪೋ ಮುಟ್ಟಲಿಲ್ಲ, ಸ್ಕೂಟರಿನಲ್ಲೇ ಓಡಾಡಿದ. ನನಗೆ ಕೊಟ್ಟಿಗೆಯ ಹತ್ತಿರ ಹೋಗಲು ಅಪ್ಪಣೆಯಿರಲಿಲ್ಲ.

ಮರಿಗಳು ಎರಡು ತಿಂಗಳು ದಾಟಿ ತಾವೇ ಅನ್ನ, ಮೀನು ತಿನ್ನತೊಡಗಿದ ಮೇಲೆ ಎರಡನ್ನು ಒಟ್ಟಿಗೆ ಮಣಿಪಾಲದ ನನ್ನ ಸಹೋದ್ಯೋಗಿ ಒಯ್ದರು. ಮೂರನೆಯದನ್ನು ಪಕ್ಕದ ಬಾಡಿಗೆ ಕೋಣೆಯ ಬಾಗಲಕೋಟೆಯ ಗಾರೆ ಕೆಲಸದವನ ಹೆಂಡತಿ ಕೇಳಿದಳು. "ಇಲಿ ಹಿಡೀತೈತಿ, ಮತ್ತ ನನ್ನ ಕೂಡ ಮಾತೂ ಆಡತೈತಿ" ಎಂದಳು. ಮೊಲೆಹಾಲು ಬತ್ತಿದ ಮೇಲೆ ತಾಯಿಯನ್ನು ಮೀನಿನ ಆಸೆ ತೋರಿಸಿ ಪಂಜರಕ್ಕೆ ಹತ್ತಿಸಿ, ಉಡುಪಿಯ ಪಶುವೈದ್ಯರ ಬಳಿ ಮರಿಯಾಗದಂತೆ ಆಪರೇಷನ್ ಮಾಡಿಸಿ, ಅದೇ ಅಂಗಳಕ್ಕೆ ತಂದು ಬಿಟ್ಟೆವು.

ಆದರೆ ನನ್ನ ತಲೆಯಲ್ಲಿ ಉಳಿದಿರುವುದು ಅದಲ್ಲ; ಮರಿಗಳು ಟೆಂಪೋದ ಕೆಳಗೆ ಸಿಕ್ಕ ದಿನದ ಮಧ್ಯಾಹ್ನ. ಮೈದುನ ಶೆಡ್ಡಿನ ಆ ರಾಶಿಯನ್ನು ಎಂದಿನಂತೆ ಎಳೆದು ಹಾಕದೆ, ಮಡಿಕೆ ಮಡಿಕೆಯಾಗಿ ಎತ್ತಿ, ಕೈಯಾಡಿಸಿ ನೋಡುತ್ತಿದ್ದ. ನಾನು ಬಾಗಿಲಲ್ಲಿ ನಿಂತೆ. ತೋರಿಕೆಗೆ ಮಾಡುತ್ತಿದ್ದಾನೆಯೇ ಎಂದು ಆಗಲೂ ಅನಿಸಿತು.

"ಬಲೆಯ ಕಣ್ಣಿಗೆ ಕಾಲು ಸಿಕ್ಕಿಕೊಂಡರೆ ಮರಿ ಅಲುಗಾಡ್ಲಿಕ್ಕಾಗುವುದಿಲ್ಲ. ಎಳೆದ್ರೆ ಕಾಲೇ ಹೋಗ್ತದೆ" ಎಂದ, ತಲೆಯೆತ್ತದೆ.

ಕೊನೆಯ ಮಡಿಕೆಯ ಕೆಳಗೆ ಸಿಮೆಂಟಿನ ನೆಲ ಕಂಡಿತು. ಏನೂ ಇರಲಿಲ್ಲ.

"ನಾಲ್ಕು ಇದ್ದದ್ದು ಹೌದಾ ಸರ್?" ಎಂದ. ಈ ಸಲ ನಗಲಿಲ್ಲ.

ನನಗೆ ಗೊತ್ತಿಲ್ಲ ಎನ್ನಬೇಕಿತ್ತು. ಹೌದು, ನಾಲ್ಕು ಎಂದೆ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಪಕ್ಕದ ರಾಶಿಯ ಮುಂದೆ ಕುಳಿತು ಮೊದಲ ಮಡಿಕೆ ಎತ್ತಿದ.