ಮೂರನೇ ವಾಕ್ಯ

ಸಭೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಸಾಕು, ಆರ್ಡಿಸ್ ವ್ಯಾನ್‌ಲೂಪ್‌ಳ ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಏಳುತ್ತಿದ್ದವು. ಅದಕ್ಕಾಗಿಯೇ ಬೇಸಿಗೆಯಲ್ಲೂ ಕತ್ತು ಮುಚ್ಚುವ ಅಂಗಿ ತೊಡುತ್ತಿದ್ದಳು. ವಿಸ್ಕಾನ್ಸಿನ್ನಿನಲ್ಲಿ, ನದಿ ದಂಡೆಯ ನಮ್ಮ ಕಾಗದದ ಕಾರ್ಖಾನೆಯಲ್ಲಿ ಅವಳದು ಸುರಕ್ಷತೆ ನೋಡಿಕೊಳ್ಳುವ ಕೆಲಸ. ನಾನು ಲೈಲ್, ಬಿಡಿಭಾಗಗಳ ಸ್ಟೋರ್‌ನವನು. ಹನ್ನೊಂದು ವರ್ಷ ಇಬ್ಬರ ಮೇಜುಗಳ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ ಮಾತ್ರ.

ಯಂತ್ರದ ಮುಂದೆ ನಿಂತಾಗ ಅವಳಷ್ಟು ತಿಳಿದವರು ಇರಲಿಲ್ಲ. ಯಾವ ಬೋಲ್ಟು ಸಡಿಲ, ಯಾರು ಕೈಗವಸು ಹಾಕದೆ ಕೆಲಸ ಮಾಡುತ್ತಾರೆ, ಎಲ್ಲವೂ ಗೊತ್ತಿತ್ತು. ಆದರೆ ಮಂಗಳವಾರದ ಸಭೆಯಲ್ಲಿ ಮ್ಯಾನೇಜರ್ ಕರ್ಟ್ ಡೊಂಬ್ರೊಸ್ಕಿ, "ಆರ್ಡಿಸ್, ನೀವೇನಂತೀರಿ?" ಅಂದರೆ ಅವಳ ಮಾತು ಅಡ್ಡಾದಿಡ್ಡಿ ಹರಿದು ಎಲ್ಲೋ ಇಂಗಿಹೋಗುತ್ತಿತ್ತು. ಒಮ್ಮೆ ಕರ್ಟ್ ಎಲ್ಲರೆದುರು, "ಪ್ರಶ್ನೆ ಕೇಳಿದ್ದು ನಾನು, ಉತ್ತರ ಹುಡುಕ್ಬೇಕಾದೋನೂ ನಾನೇನಾ?" ಅಂದ. ನಕ್ಕವರಲ್ಲಿ ನಾನೂ ಇದ್ದೆ.

ಆ ಚಳಿಗಾಲದಲ್ಲೇ ಅವಳು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗುರುವಾರ ಸಂಜೆ ನಡೆಯುತ್ತಿದ್ದ ಭಾಷಣದ ಕೂಟಕ್ಕೆ ಹೋಗತೊಡಗಿದಳು. ಜೊತೆಗೆ ಬಾ ಎಂದು ನನ್ನನ್ನೂ ಎಳೆದಳು. ಕೂಟ ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ ಮಿಸೆಸ್ ಬೆಲ್‌ಮೋರ್. ಕಾಫಿ ಡಬ್ಬಿಯಿಂದ ಒಂದು ಚೀಟಿ ಎತ್ತಬೇಕು, ಅದರಲ್ಲಿರುವ ಪ್ರಶ್ನೆಗೆ ಎದ್ದು ನಿಂತು ಎರಡು ನಿಮಿಷ ಉತ್ತರಿಸಬೇಕು.

"ಪ್ರಶ್ನೆ ಬಂದ ತಕ್ಷಣ ಬಾಯಿ ತೆಗೀಬೇಡಿ," ಅನ್ನುತ್ತಿದ್ದರು ಆಕೆ. "ಒಂದು ಉಸಿರು ಎಳ್ಕೊಳ್ಳಿ. ಆಮೇಲೆ ಮೂರೇ ಮೂರು ಮೆಟ್ಟಿಲು. ನಿನ್ನೆ ಏನಿತ್ತು, ಇವತ್ತು ಹೇಗಿದೆ, ನಾಳೆ ಏನಾಗುತ್ತೆ. ಒಂದೊಂದಕ್ಕೂ ಒಂದೆರಡು ವಾಕ್ಯ ಸಾಕು. ನಾಳೆ ಮುಗೀತಾ, ಕೂತ್ಕೊಳ್ಳಿ. ಕೊಸರು ಬೇಡ."

"ನಾಳೆ ಏನಾಗುತ್ತೋ ಗೊತ್ತಿಲ್ದಿದ್ರೆ?" ಆರ್ಡಿಸ್ ಕೇಳಿದಳು.

"ಗೊತ್ತಿಲ್ಲ, ಶುಕ್ರವಾರದೊಳಗೆ ವಿಚಾರಿಸಿ ಹೇಳ್ತೀನಿ, ಅನ್ನಿ. ಅದೂ ನಾಳೆಯ ಮಾತೇ ಅಲ್ವೇನಮ್ಮಾ?"

ನಾನು ಎರಡು ವಾರಕ್ಕೇ ಬಿಟ್ಟೆ. ಅವಳು ಬಿಡಲಿಲ್ಲ. ಕಾರಿನಲ್ಲಿ ಒಬ್ಬಳೇ ತನಗೆ ತಾನೇ ಪ್ರಶ್ನೆ ಹಾಕಿಕೊಂಡು ಉತ್ತರಿಸುತ್ತಿದ್ದಳಂತೆ. ಏಪ್ರಿಲ್‌ನಲ್ಲಿ ಕರ್ಟ್ ಇದ್ದಕ್ಕಿದ್ದಂತೆ ಕೈಗಾಯಗಳ ಬಗ್ಗೆ ಕೇಳಿದ. ಆರ್ಡಿಸ್ ಒಂದು ಉಸಿರು ಎಳೆದುಕೊಂಡಳು. "ಹೋದ ವರ್ಷ ಒಂಬತ್ತು ಜನರ ಕೈಗೆ ಗಾಯ ಆಯ್ತು. ಹೊಸ ಕೈಗವಸು ಬಂದ್ಮೇಲೆ ಈ ವರ್ಷ ಇಬ್ರಿಗೆ ಮಾತ್ರ. ಜೂನ್‌ನಲ್ಲಿ ರಾತ್ರಿ ಪಾಳಿಯವರಿಗೂ ಕೊಡ್ತೀವಿ, ಪೆಟ್ಟಿಗೆಗಳು ಆಗ್ಲೇ ಸ್ಟೋರ್‌ಗೆ ಬಂದಿವೆ." ಕೂತಳು. ಕರ್ಟ್ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋದ. ಅಂದಿನಿಂದ ಅವಳಿಗೆ 'ನಿನ್ನೆ-ಇವತ್ತು-ನಾಳೆ' ಎಂದೇ ಅಡ್ಡಹೆಸರು ಬಿತ್ತು. ದದ್ದು ಏಳುವುದು ನಿಂತಿತು. ಗಟ್ಟಿಯಾಗಿ ನಗುವುದನ್ನೂ ಕಲಿತಳು.

ಮುಂದಿನ ವರ್ಷದ ಜನವರಿ. ಮರದ ಚೂರುಗಳನ್ನು ಮೇಲಕ್ಕೆ ಸಾಗಿಸುವ ಉದ್ದನೆಯ ಬೆಲ್ಟಿನ ಪಕ್ಕದಲ್ಲಿ ಒಂದು ತಂತಿಹಗ್ಗ ಇರುತ್ತದೆ. ಯಾರಾದರೂ ಸಿಕ್ಕಿಕೊಂಡರೆ ಅದನ್ನು ಜಗ್ಗಬೇಕು, ಬೆಲ್ಟು ನಿಲ್ಲುತ್ತದೆ. ಅದರ ಸ್ವಿಚ್ಚು ಹಳೆಯದಾಗಿ, ಕಡುಚಳಿಯಲ್ಲಿ ಹಗ್ಗ ಜಗ್ಗಿದರೂ ಕೆಲವೊಮ್ಮೆ ಬೆಲ್ಟು ನಿಲ್ಲುತ್ತಿರಲಿಲ್ಲ. ಹೊಸ ಸ್ವಿಚ್ಚು ಬೇಕೆಂದು ಆರ್ಡಿಸ್ ಬರೆದು ಕೊಟ್ಟಿದ್ದಳು. ಕಾಗದ ಕರ್ಟ್‌ನ ಸಹಿಗೆ ಕಾದಿತ್ತು.

ಆ ತಿಂಗಳ ಒಂದು ಮಂಗಳವಾರದ ಸಭೆಗೆ ಪ್ರಧಾನ ಕಚೇರಿಯಿಂದ ಇಬ್ಬರು ಬಂದಿದ್ದರು. ಚರ್ಚೆಯ ಯಾದಿಯಲ್ಲಿ ಬೆಲ್ಟಿನ ಸುದ್ದಿಯೇ ಇರಲಿಲ್ಲ. ಅವರಲ್ಲೊಬ್ಬ ಕಾಗದ ತಿರುವುತ್ತಾ ತಟ್ಟನೆ ಕೇಳಿದ: "ಈ ಬೆಲ್ಟಿನ ಹಗ್ಗದ ದೂರು ಏನಾಯ್ತು?"

ಕರ್ಟ್ ಆರ್ಡಿಸ್‌ಳ ಕಡೆ ನೋಡಿದ. ಅವಳು ಉಸಿರು ಎಳೆದುಕೊಂಡಳು.

"ಹೋದ ತಿಂಗಳು ಎರಡು ಸಲ ಹಗ್ಗ ಕೈಕೊಟ್ಟಿತ್ತು, ಬರೆದು ತಿಳಿಸಿದ್ದೀನಿ. ಈಗ ಪ್ರತಿ ಪಾಳಿಯ ಶುರುವಿಗೂ ಒಬ್ರು ಜಗ್ಗಿ ನೋಡ್ತಾರೆ." ಅರೆಗಳಿಗೆ ನಿಂತಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. "ಎರಡು ವಾರದಲ್ಲಿ ಹೊಸ ಸ್ವಿಚ್ಚು ಕೂತಿರುತ್ತೆ."

"ಭೇಷ್," ಅಂದ ಬಂದವನು. ದೂರಿನ ಮುಂದೆ 'ಇತ್ಯರ್ಥ' ಎಂದು ಬರೆದುಕೊಂಡ.

ಆ ಸ್ವಿಚ್ಚಿಗೆ ಆರ್ಡರೇ ಹೋಗಿರಲಿಲ್ಲ. ಹೋಗಿದ್ದರೆ ನನ್ನ ಕೈಯಿಂದಲೇ ಹೋಗಬೇಕಿತ್ತು. ಅವಳಿಂದ ನಾಲ್ಕು ಕುರ್ಚಿ ದೂರದಲ್ಲಿ ಕೂತಿದ್ದ ನನಗೆ ಅದು ಗೊತ್ತಿತ್ತು. ಎಷ್ಟು ಚೆನ್ನಾಗಿ ಹೇಳಿದಳಲ್ಲ ಎಂದು ಮೆಚ್ಚಿ ತಲೆಯಾಡಿಸಿ ಸುಮ್ಮನಿದ್ದೆ. ದೂರು ಇತ್ಯರ್ಥವಾಗಿದೆ ಎಂದಮೇಲೆ ಕರ್ಟ್‌ನ ಮೇಜಿನ ಕಾಗದವೂ ಸಹಿಯಾಗದೆ ಫೈಲಿನೊಳಗೆ ಸೇರಿತು.

ಆ ಸಭೆಯಾದ ಇಪ್ಪತ್ತಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಬೆಲ್ಟಿನ ಕೆಲಸಗಾರ ಗಾರ್ಡಿ ಶೂಮನ್ ಬೆಲ್ಟಿನ ತುದಿಯಲ್ಲಿ ಹೆಪ್ಪುಗಟ್ಟಿದ್ದ ತೊಗಟೆ ಬಿಡಿಸಲು ಹೋದ. ತೋಳು ಉರುಳೆಗೆ ಸಿಕ್ಕಿತು. ಜೊತೆಯವನು ಹಗ್ಗ ಜಗ್ಗಿದ, ಮತ್ತೆ ಜಗ್ಗಿದ, ಕೊನೆಗೆ ಅದಕ್ಕೆ ಜೋತುಬಿದ್ದ. ಬೆಲ್ಟು ನಿಲ್ಲಲಿಲ್ಲ. ಆ ಬೆಳಿಗ್ಗೆಯೂ ಪಾಳಿಯ ಶುರುವಿನಲ್ಲಿ ಜಗ್ಗಿ ನೋಡಿದ್ದರು, ಆಗ ನಿಂತಿತ್ತು. ಸತ್ತಾಗ ಗಾರ್ಡಿಗೆ ನಲವತ್ತೆರಡು ವರ್ಷ.

ವಿಚಾರಣೆಗೆ ಸರಕಾರದ ತನಿಖಾಧಿಕಾರಿ ಬಂದಳು. ಅದೇ ಕೋಣೆ, ಅದೇ ಮೇಜು, ಸಭೆಯಲ್ಲಿದ್ದ ನಾವೆಲ್ಲ. ಒಳಹೋಗುವ ಮೊದಲು ಕಂಪನಿಯ ವಕೀಲ ಆರ್ಡಿಸ್‌ಳನ್ನು ನನ್ನ ಸ್ಟೋರ್‌ನ ಬಾಗಿಲಲ್ಲೇ ತಡೆದ.

"ನಿಮಗೆ ಮಾತು ಚೆನ್ನಾಗಿ ಬರುತ್ತಂತೆ. ಹಾಗೇ ಮೂರು ಭಾಗ ಮಾಡಿ. ಹಿಂದೆ ನಮ್ಮ ಸುರಕ್ಷತೆ ಒಳ್ಳೇದಿತ್ತು, ಈಗ ಎಲ್ರೂ ದುಃಖದಲ್ಲಿದ್ದೀವಿ, ಮುಂದೆ ಇನ್ನೂ ಎಚ್ಚರದಿಂದ ಇರ್ತೀವಿ. ಅಷ್ಟು ಸಾಕು."

ಆರ್ಡಿಸ್‌ಳ ಕುತ್ತಿಗೆಯ ದದ್ದುಗಳು ಮತ್ತೆ ಎದ್ದು ಕಿವಿಯವರೆಗೂ ಏರಿದ್ದವು.

ಅಧಿಕಾರಿ ಆ ಮಂಗಳವಾರದ ಸಭೆಯ ನಡಾವಳಿ ತೋರಿಸಿ ಕೇಳಿದಳು: "ಎರಡು ವಾರದಲ್ಲಿ ಸ್ವಿಚ್ಚು ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ," ಅಂದಳು ಆರ್ಡಿಸ್. "ನಿನ್ನೇದು ನಿಜ ಹೇಳ್ದೆ. ಇವತ್ತಿಂದೂ ನಿಜ ಹೇಳ್ದೆ. ಆಮೇಲೆ ಮೂರನೇ ವಾಕ್ಯ ಬೇಕಾಗಿತ್ತು, ನನ್ನ ಹತ್ರ ಇರ್ಲಿಲ್ಲ. ಸುಮ್ನೆ ನಿಂತ್ರೆ ಹಳೇ ಆರ್ಡಿಸ್ ಆಗ್ತೀನಿ ಅನ್ನಿಸ್ತು. ಹುಟ್ಟಿಸ್ಕೊಂಡು ಹೇಳ್ದೆ."

ವಕೀಲ ಕೆಮ್ಮಿದ. ಅವಳು ನಿಲ್ಲಿಸಲಿಲ್ಲ. "ಕರ್ಟ್‌ಗೂ ಗೊತ್ತಿತ್ತು, ಸಹಿ ಆಗಿಲ್ಲ ಅಂತ. ಸುಮ್ನಿದ್ರು."

ನನ್ನ ಹೆಸರು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ನಾನೂ ಏಳಲಿಲ್ಲ.

ಕಂಪನಿ ದಂಡ ಕಟ್ಟಿತು. ಕರ್ಟ್‌ಗೆ ಬೇರೆ ಊರಿನ ಕಾರ್ಖಾನೆಗೆ ವರ್ಗವಾಯಿತು. ಆರ್ಡಿಸ್‌ಳನ್ನು ತಪ್ಪು ಮಾಹಿತಿ ಕೊಟ್ಟ ಕಾರಣಕ್ಕೆ ಮನೆಗೆ ಕಳಿಸಿದರು. ಅವಳು ಗಾರ್ಡಿಯ ಹೆಂಡತಿ ಜೊಲೀನ್‌ಳ ಮನೆಗೆ ಎರಡು ಸಲ ಹೋದಳು. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೇ ಸಲ ಜೊಲೀನ್ ಬಾಗಿಲ ಸಂದಿಯಿಂದಲೇ, "ನಿನಗೆ ಏನೋ ಹೇಳ್ಬೇಕಾಗಿರ್ಬೋದು. ನನಗೆ ಕೇಳ್ಬೇಕಾಗಿಲ್ಲ," ಅಂದಳಂತೆ.

ಈಗ ಅವಳು ಪಕ್ಕದ ಊರಿನ ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಹೋದ ಅಕ್ಟೋಬರ್‌ನಲ್ಲಿ ನೋಡಲು ಹೋಗಿದ್ದೆ. ಸ್ಟೋರ್‌ನ ಆರ್ಡರ್ ಪುಸ್ತಕ ನನ್ನ ಹತ್ತಿರವೇ ಇತ್ತು, ಅವತ್ತು ನಾನೂ ಬಾಯಿ ಬಿಡಬಹುದಿತ್ತು ಎಂದು ಅಂತೂ ಹೇಳಿದೆ.

"ಗೊತ್ತು ಲೈಲ್," ಅಂದಳು. "ನೀನು ತಲೆಯಾಡಿಸಿದ್ದನ್ನ ನೋಡಿದ್ದೆ."

ಬಿಸಿ ಬೆಡ್‌ಶೀಟಿನ ಒಂದು ಅಂಚನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಮಡಚಿದೆವು. ಇನ್ನೊಂದನ್ನು ಎತ್ತಿಕೊಂಡಳು.