ಮಂಚದ ಪಕ್ಕದ ಒಲೆ

ನಮ್ಮ ಅತ್ತೆ ತೀರಿಕೊಂಡ ಮೇಲೆ ಅವರ ಬಗ್ಗೆ ನಾನು ಯಾರ ಮುಂದೆಯೂ ಹೆಚ್ಚು ಮಾತಾಡಿಲ್ಲ. ಮಾತಾಡಲು ಹೋದರೆ ಒಲೆಯ ವಿಷಯ ಬರುತ್ತದೆ. ಅದನ್ನು ಬಿಟ್ಟು ಹೇಳಿದರೆ ಹೇಳಿದಂತೆಯೇ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೆರೂರಿನಿಂದ ಇಳಕಲ್ಲಿಗೆ ಸೊಸೆಯಾಗಿ ಬಂದವಳು. ನಮ್ಮ ಮನೆಯವರು ಮತ್ತು ನನ್ನ ಮೈದುನ ಇಬ್ಬರೂ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಮಧ್ಯಾಹ್ನ ಬಿಳಿ ಧೂಳು ಮೆತ್ತಿಕೊಂಡು ಬರುತ್ತಾರೆ, ಹಸಿವು ಹೊತ್ತುಕೊಂಡು ಬರುತ್ತಾರೆ. ಅವರಿಗೆ ತೆಳ್ಳನೆಯ ಸಾರು ಅನ್ನ ನಡೆಯುವುದಿಲ್ಲ. ಎಣ್ಣೆ ಮೇಲೆ ತೇಲುವ ಬದನೆಕಾಯಿ ಎಣಗಾಯಿ, ರೊಟ್ಟಿ, ಜೊತೆಗೆ ಮೆಣಸಿನಕಾಯಿ ಭಜಿಯೋ ಪೂರಿಯೋ ಏನಾದರೂ ಕರಿದದ್ದು ಬೇಕು. ಇದನ್ನೆಲ್ಲ ಕಲಿಸಿದವರು ಅತ್ತೆ. ಗಾಣದ ಕುಸುಬಿ ಎಣ್ಣೆ ಬಿಟ್ಟು ಬೇರೆ ಎಣ್ಣೆಯನ್ನು ಅವರು ಮನೆಯೊಳಗೆ ಬಿಟ್ಟುಕೊಂಡವರಲ್ಲ. ಆ ಎಣ್ಣೆ ಬೇಗ ಹೊಗೆಯಾಡುತ್ತದೆ. ಹೊಗೆ ಕಂಡ ಮೇಲೆಯೇ ಸಾಸಿವೆ ಹಾಕಬೇಕು, ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ ಎನ್ನುವುದು ಅವರ ನಿಯಮ. ಅವರ ಮದುವೆಯಲ್ಲಿ ಬಂದ ಕಬ್ಬಿಣದ ಕಡಾಯಿ ಒಂದಿತ್ತು. ದುಂಡು ತಳ, ಕೈಯಲ್ಲಿ ಎತ್ತಿದರೆ ಮುಂಗೈ ನೋಯುವಷ್ಟು ಭಾರ.

ಅವರ ಎದೆ ಮೊದಲಿನಿಂದಲೂ ಚೆನ್ನಾಗಿರಲಿಲ್ಲ. ಮೂವತ್ತು ವರ್ಷ ಕಟ್ಟಿಗೆ ಒಲೆ ಊದಿದ್ದರು. ಬಾಗಲಕೋಟೆಯ ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಶ್ವಾಸಕೋಶದ ಬಹಳ ಭಾಗ ಕೆಟ್ಟಿದೆ, ಇನ್ನು ಮನೆಯಲ್ಲೇ ಆಮ್ಲಜನಕ ಕೊಡಬೇಕು ಎಂದರು. ಬಾಡಿಗೆಗೆ ಯಂತ್ರ ತಂದೆವು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನು ನಳಿಗೆಯಲ್ಲಿ ಮೂಗಿಗೆ ಕಳಿಸುತ್ತದೆ. ಯಂತ್ರ ಕೂಡಿಸಿಕೊಟ್ಟವನು ಹೋಗುವಾಗ ಎರಡು ಸಲ ಹೇಳಿದ: "ಬೆಂಕಿ ಹತ್ರ ಹೋಗಂಗಿಲ್ರಿ. ಗ್ಯಾಸ್ ಹಚ್ಚಿದ್ರ ಹತ್ತು ಫೂಟ ದೂರ ಇರಬೇಕು. ಮೂಗಿನ್ಯಾಗ ನಳಿಗಿ ಇದ್ದಾಗ ಕಿಡಿ ಬಿತ್ತಂದ್ರ ಮಕಾ ಮಾರಿ ಎಲ್ಲಾ ಸುಡತೈತಿ."

ನಮ್ಮದು ಚಿಕ್ಕ ಮನೆ. ಅತ್ತೆಯ ಮಂಚ ಪಡಸಾಲೆಯಲ್ಲಿ, ಅಡುಗೆ ಮನೆ ಅದರ ಮಗ್ಗುಲಲ್ಲೇ. ನಡುವೆ ಬಾಗಿಲೂ ಇಲ್ಲ. ಯಂತ್ರ ಬಂದ ಮೂರನೆಯ ದಿನ ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ತಿರುಗಿ ನೋಡಿದರೆ ಅತ್ತೆ ನಳಿಗೆಯನ್ನು ಹಾವಿನಂತೆ ಎಳೆದುಕೊಂಡು ಒಲೆಯ ಮುಂದೆ ಬಂದು ನಿಂತಿದ್ದರು, ಎಣ್ಣೆ ಕಾದಿದೆಯೋ ಇಲ್ಲವೋ ನೋಡಲು. ನಾನು ಗ್ಯಾಸ್ ಆರಿಸಿ ಅವರನ್ನು ಮಂಚಕ್ಕೆ ಕರೆದೊಯ್ದೆ.

ಮರುದಿನವೇ ನಮ್ಮ ಮನೆಯವರು ಗ್ಯಾಸ್ ಒಲೆ, ಸಿಲಿಂಡರ್ ಎರಡನ್ನೂ ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಿದರು. ನಾನು ಅಲ್ಲಿ ಅಡುಗೆ ಮಾಡಿ ಒಳಗೆ ತರತೊಡಗಿದೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ತಾಟು ಮುಂದಿಟ್ಟರೆ ಎರಡು ತುತ್ತು, ಅಷ್ಟೇ.

"ಯಾಕ್ರಿ ಅತ್ತಿ, ಖಾರ ಆಗೇತೇನ್ರಿ?"

"ಖಾರ ಎಲ್ಲಿ ಬಂತ. ಯಾರದೋ ಮನಿ ಊಟ ಉಂಡಂಗ ಆಗತೈತಿ."

ಹದಿನೈದು ದಿನಕ್ಕೆ ಅವರ ರವಿಕೆ ಸಡಿಲಾಯಿತು. ಆಗ ಇಂಡಕ್ಷನ್ ಒಲೆಯ ಮಾತು ಎತ್ತಿದವಳು ನಾನು. ಬೆಂಕಿ ಇಲ್ಲದ ಒಲೆ, ಎಲ್ಲಿ ಬೇಕಾದರೂ ಇಡಬಹುದು, ಅವರ ಮಂಚದ ಪಕ್ಕದಲ್ಲೇ ಇಡಬಹುದು ಎಂದೆ. ನಮ್ಮ ಮನೆಯವರು ಅಂದು ಸಂಜೆಯೇ ತಂದರು. ವೈರಿಂಗ್ ಮಾಡುವವನು ಬಂದು ಅದಕ್ಕೆ ದಪ್ಪ ತಂತಿ ಎಳೆದು ಬೇರೆ ಪ್ಲಗ್ ಕೂಡಿಸಿದ. ಯಂತ್ರದ ಪ್ಲಗ್ಗಿಗೆ ಅದರ ಭಾರ ಬೀಳಬಾರದು ಎಂದು.

ಅತ್ತೆ ಎದ್ದು ಕೂತರು. ಬಹಳ ದಿನದ ಮೇಲೆ ಬೈದರು.

"ಬೆಂಕಿ ಕಾಣದ ಒಲಿ ಅಂದ್ರ ಏನಿದು? ಹತ್ತೇತೋ ಆರೇತೋ ಹೆಂಗ ಗೊತ್ತಾಗಬೇಕ?"

ಮೈದುನ ನಗುತ್ತ ಅಂದ: "ಟಿವಿ ಇದ್ದಂಗ ಬೇ ಅವ್ವ. ಒತ್ತಿದ್ರ ಬರತೈತಿ, ಒತ್ತಿದ್ರ ಹೋಗತೈತಿ."

"ಟಿವಿ ಮ್ಯಾಲೆ ಯಾರರ ಭಜಿ ಕರಿದಾರೇನೋ, ಮಂಗ್ಯಾ."

ಅಂಗಡಿಯವನು ಹೇಳಿದ್ದನಂತೆ, ಅಯಸ್ಕಾಂತ ಅಂಟುವ ಪಾತ್ರೆ ಮಾತ್ರ ನಡೆಯುತ್ತದೆ ಎಂದು. ಮೈದುನ ಕಾರ್ಖಾನೆಯಿಂದ ಅಯಸ್ಕಾಂತದ ತುಂಡು ತಂದ. ಅತ್ತೆ ಅದನ್ನು ಹಿಡಿದು ಒಂದೊಂದೇ ಪಾತ್ರೆ ನೋಡಿದರು. ಜರ್ಮನ್ ಅಲ್ಯೂಮಿನಿಯಂ ಬೋಗುಣಿಗೆ ಅಂಟಲಿಲ್ಲ, ಹಿತ್ತಾಳೆಗೆ ಅಂಟಲಿಲ್ಲ. ಕಬ್ಬಿಣದ ಕಡಾಯಿಗೆ ಠಪ್ಪೆಂದು ಅಂಟಿತು. ಅವರ ಮುಖ ಅರಳಿತು. ಆದರೆ ಒಲೆಯ ಮೇಲಿಟ್ಟರೆ ಕಡಾಯಿ ತೊಟ್ಟಿಲಿನಂತೆ ತೂಗಿತು. ಒಲೆ ಸೀಟಿ ಹೊಡೆದು ನಿಂತಿತು. ತಳ ಗಾಜಿಗೆ ತಾಗಿ ಕೂತರೆ ಮಾತ್ರ ಅದು ಕಾಯಿಸುತ್ತದೆ. ದುಂಡು ತಳದಲ್ಲಿ ತಾಗುವುದು ಒಂದು ರೂಪಾಯಿ ಅಗಲ.

ಹೊಸ ಚಪ್ಪಟೆ ಕಡಾಯಿ ತರೋಣ ಎಂದರೆ ಅತ್ತೆ ಒಪ್ಪಲಿಲ್ಲ. ಕೊನೆಗೆ ನಮ್ಮ ಮನೆಯವರು ಅದನ್ನು ಚೀಲದಲ್ಲಿ ಹಾಕಿಕೊಂಡು ಹುನಗುಂದದ ಕಮ್ಮಾರನ ಹತ್ತಿರ ಹೋದರು. ಅವನು ಕಾಸಿ ಬಡಿದು ತಳ ಚಪ್ಪಟೆ ಮಾಡಿಕೊಟ್ಟ. ಪೂರ್ತಿ ಸಮ ಆಗಲಿಲ್ಲ, ಒಂದು ಕಡೆ ಸ್ವಲ್ಪ ಎತ್ತರ. ಒಲೆಯ ಮೇಲೆ ಗುಂಯ್ ಎನ್ನುತ್ತಿತ್ತು. ಮೊದಲಿನಷ್ಟೇ ಭಜಿಗೆ ಈಗ ಹೆಚ್ಚು ಎಣ್ಣೆ ಹೊಯ್ಯಬೇಕು, ಏಕೆಂದರೆ ತಳ ಅಗಲವಾಗಿ ಎಣ್ಣೆಯ ಆಳ ಹೋಗಿತ್ತು. ಆದರೂ ನಡೆಯಿತು.

ರೊಟ್ಟಿಯನ್ನು ಮಾತ್ರ ನಾನು ಶೆಡ್ಡಿನಲ್ಲೇ ಮಾಡುತ್ತಿದ್ದೆ. ಇಂಡಕ್ಷನ್ನಿನಲ್ಲಿ ಹಂಚಿನ ನಡು ಸುಡುತ್ತದೆ, ಅಂಚಿನಲ್ಲಿ ರೊಟ್ಟಿ ಹಸಿಯೇ ಉಳಿಯುತ್ತದೆ. ಎಣ್ಣೆಯದೆಲ್ಲ ಮಂಚದ ಪಕ್ಕದಲ್ಲಿ. ಒಲೆಯನ್ನು ಸ್ಟೂಲಿನ ಮೇಲಿಟ್ಟು ನಾನು ಕುಳಿತರೆ ಅತ್ತೆ ಮಂಚದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಗ್ಯಾಸಿನ ಮೇಲೆ ಎಣ್ಣೆ ಕಾಯುವಷ್ಟರಲ್ಲಿ ಉಳ್ಳಾಗಡ್ಡಿ ಹೆಚ್ಚಬಹುದಿತ್ತು. ಇಲ್ಲಿ ದೊಡ್ಡ ಅಂಕಿ ಇಟ್ಟರೆ ತಿರುಗಿ ನೋಡುವಷ್ಟರಲ್ಲಿ ಹೊಗೆ.

"ಕಡಿಮಿ ಮಾಡ, ಕಡಿಮಿ ಮಾಡ. ಹಾಂ, ಈಗ ಹಾಕ."

ಅವರು ಉಣ್ಣತೊಡಗಿದರು. ನಾಲ್ಕು ಭಜಿ, ಎಣಗಾಯಿ, ಅರ್ಧ ರೊಟ್ಟಿ. ಮಂಚದ ಪಕ್ಕ ಒಲೆ ಇಟ್ಟ ಉಪಾಯವನ್ನು ನಮ್ಮ ಮನೆಯವರು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದರು.

ಬೆಂಕಿ ಇಲ್ಲ ಎಂದರೆ ಹೊಗೆಯೂ ಇಲ್ಲ ಎಂದು ನಾವು ತಿಳಿದಿದ್ದೆವು. ಕಣ್ಣ ಮುಂದೆ ಎಣ್ಣೆ ಹೊಗೆಯಾಡುತ್ತಿತ್ತು. ಅದನ್ನು ಅಡುಗೆಯ ವಾಸನೆ ಎಂದುಕೊಂಡೆವು. ಒಲೆ ಯಾವುದಾದರೂ ಕಾದ ಎಣ್ಣೆಯ ಹಬೆ ಒಂದೇ. ಅಡುಗೆ ಮನೆಯಲ್ಲಾದರೆ ಕಿಟಕಿ ಇತ್ತು, ಹೊಗೆ ಹೊರಗೆ ಹಾಕುವ ಫ್ಯಾನ್ ಇತ್ತು. ಪಡಸಾಲೆಯಲ್ಲಿ ಎರಡೂ ಇರಲಿಲ್ಲ. ಬಾಗಿಲು ತೆರೆದರೆ ರಸ್ತೆಯ ಧೂಳು ಬರುತ್ತದೆಂದು ಅದನ್ನೂ ಮುಚ್ಚಿರುತ್ತಿದ್ದೆವು.

ಮೆಣಸಿನಕಾಯಿ ಬಿಟ್ಟಾಗ ಅತ್ತೆ ಗೋಡೆಯ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಕಂಡಿದ್ದೇನೆ.

"ಘಾಟ ಆತೇನ್ರಿ ಅತ್ತಿ? ಹಿತ್ತಲಕ್ಕ ಒಯ್ಲೇನ್ರಿ?"

"ಏನೂ ಆಗಿಲ್ಲ. ನೀ ಕರಿ."

ನಾನು ಕರಿದೆ.

ಎರಡು ತಿಂಗಳ ಮೇಲೆ ಯಂತ್ರದಲ್ಲಿ ಏನೋ ಸರಿ ಇಲ್ಲ ಎಂದು ಎಚ್ಚರಿಸುವ ಹಳದಿ ದೀಪ ಹತ್ತತೊಡಗಿತು. ಫೋನ್ ಮಾಡಿದರೆ ಯಂತ್ರದ ಬೆನ್ನಿಗಿರುವ ಧೂಳು ತಡೆಯುವ ಜಾಳಿಗೆ ತೊಳೆಯಿರಿ ಎಂದರು. ಅದನ್ನು ನಾನು ವಾರಕ್ಕೊಮ್ಮೆ ತೊಳೆಯುತ್ತಲೇ ಇದ್ದೆ. ಮತ್ತೆ ತೊಳೆದೆ. ದೀಪ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಕರೆಂಟ್ ಸರಿ ಇಲ್ಲ ಎಂದುಕೊಂಡೆವು. ಬೇಸಿಗೆ, ಎಲ್ಲರ ಮನೆಯಲ್ಲೂ ಬಲ್ಬು ಮಂಕಾಗುವ ದಿನಗಳು. ಆ ಹೊತ್ತಿಗೆ ಅತ್ತೆಗೆ ಮಾತಾಡಿದರೆ ಏದುಸಿರು. ಬೇನೆ ಬೆಳೆಯುತ್ತಿದೆ ಎಂದುಕೊಂಡೆವು. ಅದೂ ನಿಜವೇ ಇರಬಹುದು.

ಒಂದು ಬೆಳಿಗ್ಗೆ ಅವರ ಉಗುರುಗಳು ನೀಲಿಯಾಗಿದ್ದವು. ಬಾಗಲಕೋಟೆಗೆ ಒಯ್ದೆವು. ದಾರಿಯಲ್ಲಿ ನನ್ನ ಕೈ ಹಿಡಿದು, "ಎಣ್ಣಿ ಡಬ್ಬಿ ಮುಚ್ಚಿಯೇನ?" ಎಂದು ಕೇಳಿದರು. ಮುಚ್ಚಿದ್ದೇನೆ ಎಂದೆ. ಮೂರನೆಯ ದಿನ ಹೋದರು.

ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಯಂತ್ರ ಒಯ್ಯಲು ಅದೇ ಮನುಷ್ಯ ಬಂದ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಅವನು ಸ್ಕ್ರೂ ಬಿಚ್ಚಿ, ನಾವು ಎಂದೂ ತೆರೆಯದಿದ್ದ ಒಳಗಿನ ಫಿಲ್ಟರ್ ಹೊರಗೆ ತೆಗೆದ. ಬೆಳ್ಳಗಿರಬೇಕಾದದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಒತ್ತಿದ, ಬೆರಳು ಅಂಟಿತು. ಮೂಸಿ ನೋಡಿದ.

"ಅಡಿಗಿ ಇಲ್ಲೇ ಮಾಡತಿದ್ರೇನ್ರಿ ಅಕ್ಕಾರ?"

"ಬೆಂಕಿ ಇರಲಿಲ್ರಿ. ಕರೆಂಟ್ ಒಲಿ ಇತ್ತು."

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೆಂಕಿದು ಅಷ್ಟ ಹೇಳಿದ್ನಲ್ರಿ ನಾ. ಎಣ್ಣಿದು ಹೇಳಲಿಲ್ಲ. ಇದು ಕ್ವಾಣಿ ಗಾಳಿನ ಎಳಕೊಂತೈತಿ. ಎಣ್ಣಿ ಹಬಿ ಫಿಲ್ಟರಿಗೆ ಕಟ್ಟಿಕೊಂತಂದ್ರ ಗಾಳಿ ಬರೂದು ಕಡಿಮಿ ಆಗತೈತಿ, ಆಮ್ಲಜನಕಾನೂ ಕಡಿಮಿ." ಫಿಲ್ಟರನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನನ್ನ ಮುಖ ನೋಡದೆ ಯಂತ್ರ ಹೊತ್ತುಕೊಂಡು ಹೋದ.

ಅದನ್ನು ನಾನು ಯಾರಿಗೂ ಹೇಳಲಿಲ್ಲ.

ನಮ್ಮ ಮನೆತನದಲ್ಲಿ ಸಾವಾದ ಮನೆಯಲ್ಲಿ ದಿನಕರ್ಮ ಮುಗಿಯುವ ತನಕ ಎಣ್ಣೆಯ ಕಡಾಯಿ ಇಡುವುದಿಲ್ಲ. ಒಗ್ಗರಣೆಯೂ ಇಲ್ಲ. ದಿನ ಮುಗಿದ ಮೇಲೆ ಮೊದಲ ಕಡಾಯಿಯನ್ನು ಮನೆಯ ಮಗಳು ಇಡಬೇಕು. ಬಾದಾಮಿಗೆ ಕೊಟ್ಟ ನನ್ನ ನಾದಿನಿ ಬಂದಿದ್ದರು. ಅವರು ಮಂಚದ ಕೆಳಗಿನಿಂದ ಇಂಡಕ್ಷನ್ ಒಲೆ ಎಳೆದು ಸ್ಟೂಲಿನ ಮೇಲಿಟ್ಟರು.

"ಇಲ್ಲೇ ಇಡೂಣು. ಅವ್ವ ಕುಂತು ನೋಡತಿದ್ದ ಜಾಗಾ. ಆಕಿಗೆ ವಾಸನಿ ಮುಟ್ಟಲಿ."

"ಬ್ಯಾಡ್ರಿ ಅಕ್ಕಾರ."

"ಯಾಕ?"

ನಿಂತಲ್ಲೇ ಎಲ್ಲ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡದ್ದು, ಹಳದಿ ದೀಪ, ಜೇನಿನ ಬಣ್ಣದ ಫಿಲ್ಟರ್. ಅವರು ಕೂತು ಕೇಳಿದರು. ಬೈಯುತ್ತಾರೆ ಎಂದುಕೊಂಡೆ.

"ಅವ್ವ ನನಗ ಫೋನಿನ್ಯಾಗ ಹೇಳಿದ್ಲು," ಎಂದರು. "ಗಂಟಲಾ ಉರಿತೈತಿ, ಕಣ್ಣ ಉರಿತಾವು ಅಂತ. ಹೊರಗ ಇಡಸ ಅಂದೆ. ಅದಕ್ಕ ಆಕಿ, ಹೊರಗ ಇಟ್ರ ನಾ ಮತ್ತ ಗ್ವಾಡಿ ನೋಡಕೋತ ಮಲಗಬೇಕು, ಯಾರಿಗರ ಹೇಳಿದ್ರ ನೋಡ ಅಂದ್ಲು. ನಾ ಹೇಳಲಿಲ್ಲ."

ಅವರು ಒಲೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದರು.

"ತಮ್ಮಗ ಹೇಳೀಯೇನ?"

"ಇಲ್ರಿ."

"ಹೇಳಬ್ಯಾಡ."

"ಹೇಳಬೇಕ್ರಿ. ಮತ್ತ ಯಾರರ ಮನ್ಯಾಗ ಆ ಮಿಶನ್ ಬಂದ್ರ, ಹಿಂಗ ಮಾಡ್ರಿ, ಚೊಲೊ ಆಗತೈತಿ ಅಂತ ಹೇಳಕೋತ ಹೋಗತಾರ ಅವರು."

ಕಡಾಯಿಯನ್ನು ಹಿತ್ತಲಿಗೆ ಒಯ್ದು ಗ್ಯಾಸಿನ ಮೇಲೆ ಇಟ್ಟೆವು. ಚಪ್ಪಟೆ ತಳ ಸ್ಟ್ಯಾಂಡಿನ ಮೇಲೆ ಓರೆಯಾಗಿ ಕೂತಿತು, ಎಣ್ಣೆ ಒಂದು ಮಗ್ಗುಲಿಗೆ ಸರಿಯಿತು. ಬೆಂಕಿ ತಳದ ಅಂಚು ದಾಟಿ ಹಿಡಿಕೆಯ ತನಕ ಏರಿತು. ಹೊಗೆ ಬಂದಾಗ ನಾದಿನಿ ಐದು ಪೂರಿ ಬಿಟ್ಟರು. ಹೊಗೆ ತಗಡಿನ ಕೆಳಗಿನಿಂದ ಹಾದು ಹೊರಗೆ ಹೋಯಿತು.

ನಮ್ಮ ಮನೆಯವರಿಗೆ ಆ ಸಂಜೆ ಹೇಳಿದೆ. "ಕಡಾಯಿ ಹುನಗುಂದಕ್ಕ ಒಯ್ದವ ನಾ," ಎಂದರು. ಅಷ್ಟೇ. ಈಗಲೂ ತಾಟಿನಲ್ಲಿ ಭಜಿ ಹಾಕಿದರೆ ಅಂಚಿಗೆ ಸರಿಸಿಡುತ್ತಾರೆ, ಮೈದುನ ತಿನ್ನುತ್ತಾನೆ.

ಪಡಸಾಲೆಗೆ ಸುಣ್ಣ ಹೊಡೆಸಿದೆವು. ಮಂಚದ ಪಕ್ಕದ ಗೋಡೆಯಲ್ಲಿ ಸುಣ್ಣ ಹಿಡಿಯಲಿಲ್ಲ, ಒಣಗಿ ಹಪ್ಪಳದಂತೆ ಎದ್ದು ಉದುರಿತು. ಒಳಗೆ ಎಣ್ಣೆ ಕೂತಿದೆ, ಮೊದಲು ಬಟ್ಟೆ ಸೋಡಾ ಹಾಕಿ ತಿಕ್ಕಿ ತೊಳೆಯಿರಿ ಎಂದು ಸುಣ್ಣದವನು ಹೇಳಿ ಹೋದ. ಸೋಡಾ ತಂದಿಟ್ಟಿದ್ದೇನೆ. ಇನ್ನೂ ತೊಳೆದಿಲ್ಲ.