ಬಣ್ಣ ತೆಗೆದು ನೋಡಿದ ಹಾವು

ಕಾಲೇಜಿನ ಹಾಜರಿ ಪುಸ್ತಕದಲ್ಲಿ ಅವಳು ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಜನರ ಬಾಯಲ್ಲಿ ಮಾತ್ರ ಬಾಟ್ಲಿ ಅಕ್ಕ. ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ ಒಂದೇ: ಕಪಾಟುಗಳಲ್ಲಿ ಸಾಲಾಗಿ ನಿಂತ ಗಾಜಿನ ಭರಣಿಗಳ ದೂಳೊರೆಸುವುದು, ಆರಿಹೋದಷ್ಟು ಸ್ಪಿರಿಟ್ ತುಂಬಿಸುವುದು, ಕಿತ್ತುಬಂದ ಚೀಟಿ ಅಂಟಿಸುವುದು. ಭರಣಿಯೊಳಗೆ ಹಾವು, ಹಲ್ಲಿ, ಕಪ್ಪೆ. ಮೊದಮೊದಲು ಮುಖ ತಿರುಗಿಸಿಕೊಂಡೇ ಒರೆಸುತ್ತಿದ್ದಳಂತೆ. ಆಮೇಲೆ ಅವುಗಳ ಎದುರೇ ಕೂತು ಊಟ ಮಾಡುವಷ್ಟು ಗಟ್ಟಿಯಾದಳು.

ಸ್ಪಿರಿಟ್‌ಗೆ ಬಿದ್ದ ಹಾವಿನ ಬಣ್ಣ ಉಳಿಯುವುದಿಲ್ಲ. ಹಸಿರಂತೂ ಬೇಗ ಕೈಕೊಡುತ್ತದೆ. ಅದರೊಳಗಿನ ಹಳದಿ ಕರಗಿಹೋಗಿ ಹಾವು ನೀಲಿಗೆ ತಿರುಗುತ್ತದೆ, ಆಮೇಲೆ ಬೂದಿ. ಹಾಗಾಗಿ ಚೀಟಿ ಉದುರಿದ ಭರಣಿ ಯಾವುದೆಂದು ಹೇಳಲು ಅವಳಿಗೆ ಉಳಿದದ್ದು ತಲೆ, ಕುತ್ತಿಗೆ, ಮೈಯ ದಪ್ಪ, ಹುರುಪೆ, ಬಾಲ ಮಾತ್ರ. ಪುಸ್ತಕ ಓದಿದವರು ಬಣ್ಣದಿಂದ ಶುರು ಮಾಡುತ್ತಿದ್ದರು, ಇವಳು ಬಣ್ಣ ಹೋದ ಮೇಲೆ ಶುರು ಮಾಡುತ್ತಿದ್ದಳು. ಅದನ್ನು ವಿದ್ಯೆ ಎಂದು ಯಾರೂ ಕರೆದಿರಲಿಲ್ಲ. ಅವಳೂ ಕರೆದುಕೊಂಡಿರಲಿಲ್ಲ.

ಹಾವು ಗುರುತಿಸುವ ಫೋನ್ ಗುಂಪೊಂದಕ್ಕೆ ವಿಭಾಗದ ಮೇಡಂ ಅವಳನ್ನು ಸೇರಿಸಿದ್ದರು. ಗುಂಪಿನಲ್ಲಿ ನಾನೂರು ಜನ. ಮಾತಾಡುವವರು ಹತ್ತು ಜನ. ತೀರ್ಪು ಕೊಡುವವರು ಒಬ್ಬರೇ, ಕ್ಯಾಮೆರಾ ಸಾರ್. ಮಾರುದ್ದದ ಲೆನ್ಸ್ ಇಟ್ಟುಕೊಂಡು ಕಾಡು ಸುತ್ತುವ ಮನುಷ್ಯ. ಒಳ್ಳೆಯವರೇ, ಆದರೆ ಉತ್ತರ ಕೊಡುವ ಅವಸರದಲ್ಲಿ ಪ್ರಶ್ನೆ ಮುಗಿಯಲು ಬಿಡುವವರಲ್ಲ. ಬಾಟ್ಲಿ ಅಕ್ಕ ಎರಡು ವರ್ಷದಲ್ಲಿ ಗುಂಪಿನಲ್ಲಿ ಒಂದಕ್ಷರ ಬರೆದಿರಲಿಲ್ಲ.

ಆ ದಿನ ಬೆಳಗ್ಗೆ ಹತ್ತೂವರೆಗೆ ಒಂದು ಫೋಟೋ ಬಂತು. ಗಿಡಗಳ ನರ್ಸರಿಯ ಮಾಲೀಕ ಕಳಿಸಿದ್ದು. ಕೊಂಬೆಯ ಮೇಲೆ ಹಸಿರು ಹಾವು, ಸುತ್ತ ಹಸಿರೆಲೆ. ಕೆಳಗೆ ಬರೆದಿದ್ದ: "ಕುಂಡ ತುಂಬೋ ಹೆಂಗಸಿನ ಕೈಗೆ ಕಚ್ಚಿದೆ. ಯಾವ ಹಾವು? ಬೇಗ ಹೇಳಿ."

ನಿಮಿಷದೊಳಗೆ ಕ್ಯಾಮೆರಾ ಸಾರ್ ತೀರ್ಪು: "ಹಸಿರು ಬಳ್ಳಿ ಹಾವು. ಗಾಬರಿ ಬೇಡ, ಏನೂ ಆಗಲ್ಲ. ಸೋಪು ಹಾಕಿ ತೊಳೆದು ಮನೆಗೆ ಕಳಿಸಿ." ಅದರ ಹಿಂದೆಯೇ ಸಾಲು ಸಾಲು ಹೆಬ್ಬೆರಳು.

ಅಕ್ಕ ಭರಣಿ ಕೆಳಗಿಟ್ಟಳು. ಫೋಟೋದಲ್ಲಿ ಏನೋ ಸರಿಯಿಲ್ಲ ಅನಿಸಿತು. ಹಾವು ಹಸಿರು, ಸರಿ. ಆದರೆ ಕೊಂಬೆಯ ತೊಗಟೆಯೂ ಹಸಿರು, ಮಣ್ಣಿನ ಕುಂಡವೂ ಹಸಿರು, ಮೂಲೆಯಲ್ಲಿ ಕಂಡ ಬಿಳಿ ಗೊಬ್ಬರದ ಚೀಲವೂ ಹಸಿರು! ನರ್ಸರಿಯ ನೆರಳುಬಲೆ. ಆ ಹಸಿರು ಬಲೆಯ ಕೆಳಗೆ ಮನುಷ್ಯರ ಮುಖವೂ ಸೊಪ್ಪಿನ ಬಣ್ಣಕ್ಕೇ ತಿರುಗುತ್ತದೆ.

ಅವಳು ಫೋಟೋದ ಬಣ್ಣ ಪೂರ್ತಿ ತೆಗೆದು ಕಪ್ಪುಬಿಳುಪು ಮಾಡಿದಳು. ಈಗ ಅದು ಅವಳ ಕಪಾಟಿನ ಹಾವಾಯಿತು. ಬಳ್ಳಿ ಹಾವಾದರೆ ಮೈ ದಾರದ ಹಾಗೆ ಸಣಕಲು, ಮೂತಿ ಚೂಪು, ತಲೆ ಕುತ್ತಿಗೆಗೆ ಹೊಂದಿಕೊಂಡು ಉದ್ದಕ್ಕೆ. ಇದರ ಮೈ ಗಿಡ್ಡ, ದಪ್ಪ. ಕುತ್ತಿಗೆ ಸಣ್ಣಗಾಗಿ ಅದರ ಮೇಲೆ ಅಗಲ ತಲೆ. ಬಾಲ ಕೊಂಬೆಗೆ ಬಿಗಿಯಾಗಿ ಸುತ್ತಿದೆ. ಕಣ್ಣಿನ ಪಾಪೆ ಬಳ್ಳಿ ಹಾವಿನ ಹಾಗೆ ಅಡ್ಡಕ್ಕಿದೆಯೋ ಉದ್ದಕ್ಕಿದೆಯೋ ತಿಳಿಯುವಷ್ಟು ಫೋಟೋ ಸ್ಪಷ್ಟವಿರಲಿಲ್ಲ. ಆದರೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಕಪ್ಪು ಚುಕ್ಕೆ. ಕೊಳೆಯೋ? ಗುಳಿಯೋ? ಗುಳಿಯಾದರೆ ಇದು ಗುಳಿಮಂಡಲ, ವಿಷದ ಹಾವು.

ನಾನೂರು ಜನರ ಎದುರು ಕ್ಯಾಮೆರಾ ಸಾರ್ ತಪ್ಪು ಎನ್ನಲು ತಾನ್ಯಾರು? ಒಂದು ಸಾಲು ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಮೂರು ನಿಮಿಷ ಹೀಗೇ ಕಳೆಯಿತು. ಆ ಮೂರು ನಿಮಿಷಕ್ಕಾಗಿ ಅವಳು ಇವತ್ತಿಗೂ ತನ್ನನ್ನೇ ಬೈದುಕೊಳ್ಳುತ್ತಾಳೆ. ಕೊನೆಗೆ ಗುಂಪು ಹಾಳಾಗಲಿ ಎಂದು ನರ್ಸರಿಯವನಿಗೇ ಫೋನ್ ಹಚ್ಚಿದಳು.

"ಅಣ್ಣಾ, ಆಯಮ್ಮ ಎಲ್ಲಿದ್ದಾಳೆ?"

"ಬಸ್ ಹತ್ತಿಸಿ ಬಂದೆ ಕಣಕ್ಕ. ಮನೆಗೆ ಹೋಗಿ ಮಲ್ಕೊ ಅಂದೆ. ಏನೂ ಆಗಲ್ವಂತಲ್ಲ."

"ಎಷ್ಟು ದೂರ ಅವಳ ಮನೆ?"

"ಎರಡು ಗಂಟೆ ದಾರಿ."

"ಇಳಿಸ್ಕೊಂಡು ಬನ್ನಿ. ಈಗ್ಲೇ ಆಸ್ಪತ್ರೆಗೆ."

"ಅವರು ದೊಡ್ಡೋರು ಹೇಳಿದಾರಲ್ಲಕ್ಕ…"

"ಅವರು ಹೇಳಿದ್ದು ಹಸಿರು ನೋಡಿ. ನಿಮ್ಮ ಬಲೆ ಕೆಳಗೆ ಬಿಳೀ ಚೀಲಾನೂ ಹಸಿರಾಗೇ ಇದೆ, ನೋಡ್ಕೊಳ್ಳಿ. ಇದು ವಿಷದ ಹಾವಿರಬಹುದು. ನಾನು ಹೇಳಿದ್ದು ಸುಳ್ಳಾದ್ರೆ ಬಂದು ನನ್ನ ಬೈದು ಹೋಗಿ. ನಿಜ ಆದ್ರೆ ಯಾರನ್ನ ಬೈತೀರಿ? ಕೈಗೆ ಹಗ್ಗಗಿಗ್ಗ ಬಿಗೀಬೇಡಿ, ಕುಯ್ಯಬೇಡಿ. ಕೈ ಅಲ್ಲಾಡಿಸದ ಹಾಗೆ ಕರ್ಕೊಂಡ್ ಬನ್ನಿ."

ಅವನು ಸ್ಕೂಟರ್ ಹತ್ತಿ ಬಸ್ಸಿನ ಬೆನ್ನು ಬಿದ್ದ. ನಾಲ್ಕನೇ ನಿಲ್ದಾಣದಲ್ಲಿ ಅಡ್ಡ ನಿಲ್ಲಿಸಿ, ಡ್ರೈವರನಿಂದ ಬೈಸಿಕೊಂಡು, ಅವಳನ್ನು ಇಳಿಸಿ ಆಟೋದಲ್ಲಿ ಕರೆತಂದ. ಅಕ್ಕ ಮೇಡಂಗೆ ಹೇಳಿ ಆಸ್ಪತ್ರೆ ಬಾಗಿಲಲ್ಲೇ ಕಾದಿದ್ದಳು.

ಡಾಕ್ಟರಮ್ಮ ಫೋಟೋವನ್ನು ಒಮ್ಮೆ ನೋಡಿ ಬದಿಗಿಟ್ಟರು. "ನಾನು ಫೋಟೋಗೆ ಔಷಧಿ ಕೊಡಲ್ಲ, ಮನುಷ್ಯರಿಗೆ ಕೊಡ್ತೀನಿ. ಒಂದು ದಿನ ಇಲ್ಲೇ ಇರ್ಲಿ," ಎಂದರು. ಕೈಯ ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದರು. ರಕ್ತವನ್ನು ಒಣಗಿದ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿತ್ತು. ಅಂದರೆ ರಕ್ತದಲ್ಲಿ ವಿಷದ ಗುರುತಿಲ್ಲ, ಸದ್ಯಕ್ಕೆ ಸರಿ.

ನರ್ಸರಿಯವನು ಅಕ್ಕನ ಮುಖ ನೋಡಿದ. ಆ ನೋಟ ಬೈಗುಳಕ್ಕಿಂತ ಕಮ್ಮಿಯಿರಲಿಲ್ಲ. ಆಸ್ಪತ್ರೆಗೆ ಬಂದದ್ದನ್ನು ಅವನು ಗುಂಪಿಗೆ ತಿಳಿಸಿದ್ದ; ಅದರ ಕೆಳಗೆ ಕ್ಯಾಮೆರಾ ಸಾರ್ ಬರೆದಿದ್ದರು: "ಸುಮ್ಮನೆ ಜನರನ್ನ ಹೆದರಿಸ್ತಿರೋದು ಯಾರು?" ಅಕ್ಕ ಫೋನ್ ಮಗುಚಿಟ್ಟಳು. ಚುಕ್ಕೆ ಬರೀ ಕೊಳೆಯಾಗಿದ್ದರೆ? ಒಂದು ಬಡಪಾಯಿಯ ದಿನಗೂಲಿ, ಒಬ್ಬನ ಕೆಲಸ, ಎಲ್ಲ ಹಾಳು ಮಾಡಿದೆನಲ್ಲ ಎಂದು ಒಳಗೇ ಕುದಿದಳು. ಆದರೂ ಹಾಸಿಗೆ ಪಕ್ಕದ ಬೆಂಚು ಬಿಟ್ಟು ಏಳಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬಾವು ಪೆನ್ನಿನ ಗೆರೆ ದಾಟಿತು. ಮೂರೂವರೆಗೆ ಮೊಣಕೈ ಮುಟ್ಟಿತು. ಐದೂವರೆಗೆ ಮತ್ತೆ ರಕ್ತ ತೆಗೆದರು. ಇಪ್ಪತ್ತು ನಿಮಿಷ. ಅಕ್ಕ ಗೋಡೆ ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಡಾಕ್ಟರಮ್ಮ ಕೊಳವೆ ಓರೆ ಮಾಡಿದರು. ರಕ್ತ ನೀರಿನ ಹಾಗೆ ಜಾರಿ ಕೊಳವೆಯ ಬಾಯಿಗೆ ಬಂತು.

ಆಮೇಲೆ ಎಲ್ಲರ ಕಾಲಿಗೂ ಚಕ್ರ. ನರ್ಸ್ ಓಡಿದಳು, ಔಷಧಿ ಬಂತು, ಹನಿ ಹನಿಯಾಗಿ ನರಕ್ಕೆ ಇಳಿಯತೊಡಗಿತು. "ಮನೇಲಿದ್ದಿದ್ರೆ ರಕ್ತ ಕೆಟ್ಟದ್ದು ಇಷ್ಟು ಹೊತ್ತಿಗೆ ಯಾರಿಗೂ ಗೊತ್ತೂ ಆಗ್ತಿರ್ಲಿಲ್ಲ," ಎಂದರು ಡಾಕ್ಟರಮ್ಮ. ಅಕ್ಕ ಹೊರಗೆ ಬಂದು ಕಂಬ ಹಿಡಿದು ನಿಂತಳು. ಗೆದ್ದೆ ಅನಿಸಲಿಲ್ಲ. ಅಳು ಬಂತು, ಅತ್ತಳು.

ಮೂರನೇ ದಿನ ಬಾವು ಇಳಿಯುತ್ತಿತ್ತು. ಅಕ್ಕ ಹಾಸಿಗೆಯ ಪಕ್ಕ ಕೂತು, ತನ್ನ ಜಾಣತನವನ್ನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದಳು: ನೆರಳುಬಲೆಯ ಬೆಳಕು, ಬಣ್ಣ ತೆಗೆದ ಫೋಟೋ, ದಪ್ಪ ಮೈ, ಗುಳಿ. "ಈ ಜಾತೀಲಿ ಹಸಿರೂ ಇರುತ್ತೆ, ಹಳದೀನೂ ಇರುತ್ತೆ, ಕಂದು ಬಣ್ಣದ್ದೂ ಇರುತ್ತೆ ಕಣೆ. ಬಣ್ಣ ನೋಡಿದ್ರೆ ಮೋಸ."

ಹೆಂಗಸು ಎಲ್ಲ ಕೇಳಿಸಿಕೊಂಡಳು.

"ಅದು ಕಂದೇ ಆಗಿತ್ತಕ್ಕ," ಎಂದಳು. "ನರ್ಸರಿ ಅಣ್ಣ ಫೋಟೋ ತೆಗೆದಾದ್ಮೇಲೆ ಕೋಲಲ್ಲಿ ಎತ್ತಿ ಬೇಲಿ ಆಚೆ ಬಿಟ್ಟು ಫೋನ್ ಕಡೆ ತಿರುಗಿದ್ರು. ಅದು ಬಿಸಿಲಿಗೆ ಬಿದ್ದಾಗ ನಾನು ನೋಡ್ದೆ. ಒಣಗಿದೆಲೆ ಬಣ್ಣ, ನನ್ನ ಹೆಬ್ಬೆರಳಿಗಿಂತ ದಪ್ಪ."

"ಅಯ್ಯೋ, ಹೇಳ್ಬಾರ್ದಿತ್ತಾ?"

"ಎಲ್ರೂ ಫೋನ್ ನೋಡ್ತಿದ್ರಿ. ನನ್ನನ್ಯಾರು ಕೇಳಿದ್ರಿ?"

ಅಕ್ಕ ಅವತ್ತು ಫೋಟೋ ದಿಟ್ಟಿಸಿದ್ದಳು, ಮೂರು ನಿಮಿಷ ಬರೆದು ಅಳಿಸಿದ್ದಳು, ಮಾಲೀಕನ ಜೊತೆ ವಾದ ಮಾಡಿದ್ದಳು, ಇಡೀ ದಿನ ಇದೇ ಹಾಸಿಗೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಹಾವನ್ನು ಕಣ್ಣಾರೆ ಕಂಡವಳು ಒಂದು ಮೊಳ ದೂರದಲ್ಲಿದ್ದಳು.